ದಿನಾ ಪಂಪ್ ಹಾಕಿದರೂ ಮಗುವಿನ ಉಬ್ಬಸ ನಿಲ್ಲದಿದ್ದರೆ ಡೋಸ್ ಏರಿಸುವುದು ಹೇಗೆ

ಜುಲೈ ಬಂತೆಂದರೆ ನನ್ನ ಕ್ಲಿನಿಕ್ಕಿನಲ್ಲಿ ಒಂದೇ ಮಾತು ಮತ್ತೆ ಮತ್ತೆ ಕೇಳುತ್ತದೆ. "ಡಾಕ್ಟ್ರೇ, ದಿನಾ ಪಂಪ್ ಹಾಕ್ತಾನೇ ಇದೀವಿ, ಆದ್ರೂ ರಾತ್ರಿ ಕೆಮ್ಮು ನಿಲ್ತಿಲ್ಲ. ಸ್ವಲ್ಪ ಪವರ್ ಜಾಸ್ತಿ ಮಾಡಿ ಕೊಡಿ." ಚಿಕ್ಕಮಗಳೂರಲ್ಲಿ ಮಕ್ಕಳ ಡಾಕ್ಟರಾಗಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಪವರ್ ಜಾಸ್ತಿ ಮಾಡುವುದು ಒಂದು ಸಾಲು ಬರೆದಷ್ಟೇ ಸುಲಭ. ಆದರೆ ಆ ಸಾಲು ಬರೆಯುವ ಮೊದಲು ಮಾಡಬೇಕಾದ ಕೆಲಸ ಬಹಳ ಇದೆ. ಬರೆದ ಮೇಲೆ ಅದು ಕೆಲಸ ಮಾಡಿತೋ ಇಲ್ಲವೋ ಅಂತ ನೋಡುವ ಕೆಲಸ ಇನ್ನೂ ಜಾಸ್ತಿ ಇದೆ. ಅದನ್ನೇ ಇಲ್ಲಿ ಒಂದು ಮಗುವಿನ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಮೊದಲೇ ಒಂದು ಮಾತು. ಡೋಸ್ ಏರಿಸುವುದು, ಇಳಿಸುವುದು ಎರಡೂ ನಿಮ್ಮ ಮಗುವನ್ನು ನೋಡುತ್ತಿರುವ ಡಾಕ್ಟರ ಜೊತೆ ಕೂತು ತೀರ್ಮಾನ ಮಾಡಬೇಕಾದ ವಿಷಯ. ಇದನ್ನು ಓದಿ ಮನೆಯಲ್ಲೇ ಏರಿಸಲಿಕ್ಕೆ ಹೋಗಬೇಡಿ. ಓದಿದ ಮೇಲೆ ನೀವು ಡಾಕ್ಟರ ಹತ್ತಿರ ಏನೇನು ತೆಗೆದುಕೊಂಡು ಹೋಗಬೇಕು, ಏನು ಕೇಳಬೇಕು ಅನ್ನುವುದು ಗೊತ್ತಾದರೆ ಸಾಕು.

ನಾನು ಹೇಳುವ ಹುಡುಗನನ್ನು ಪುಟ್ಟ ಅನ್ನೋಣ. ಎಂಟು ವರ್ಷ, 22 ಕೆಜಿ ತೂಕ, 121 ಸೆಂಟಿಮೀಟರ್ ಎತ್ತರ. ಮೂಡಿಗೆರೆ ಕಡೆಯ ಹಳ್ಳಿ. ಹಿಂದಿನ ವರ್ಷವೇ ಅಸ್ತಮಾ ಅಂತ ಗೊತ್ತಾಗಿ, ಬ್ಯುಡೆಸೊನೈಡ್ ಅನ್ನುವ ಸ್ಟೀರಾಯ್ಡಿನ 100 ಮೈಕ್ರೋಗ್ರಾಂ ಪಂಪ್ ಬೆಳಿಗ್ಗೆ ಒಂದು ಪಫ್, ರಾತ್ರಿ ಒಂದು ಪಫ್ ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಕೊಳವೆಯ ಮೂಲಕ ಹಾಕುತ್ತಿದ್ದರು. ಅಂದರೆ ದಿನಕ್ಕೆ 200. ಅವನ ವಯಸ್ಸಿಗೆ ಇದು ಕಡಿಮೆ ಡೋಸ್. ಆಗಸ್ಟ್ 6ಕ್ಕೆ ಅಮ್ಮ, ಅಜ್ಜಿ ಇಬ್ಬರೂ ಅವನನ್ನು ಕರೆದುಕೊಂಡು ಬಂದರು.

ನಿಜಕ್ಕೂ ಹತೋಟಿ ತಪ್ಪಿದೆಯಾ?

"ಸ್ವಲ್ಪ ಕೆಮ್ಮು ಇದೆ" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಕಳೆದ ನಾಲ್ಕು ವಾರದ ಬಗ್ಗೆ ನಾಲ್ಕು ಪ್ರಶ್ನೆ ಕೇಳುತ್ತೇನೆ. ಹಗಲು ಹೊತ್ತು ಕೆಮ್ಮು, ಸುಯ್ ಸುಯ್ ಸದ್ದು, ಎದೆ ಬಿಗಿತ ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬಂತಾ? ಅಸ್ತಮಾದಿಂದ ರಾತ್ರಿ ಒಂದು ಸಲವಾದರೂ ಎಚ್ಚರ ಆಯಿತಾ? ಕಷ್ಟ ಆದಾಗ ಹಾಕುವ ಸಾಲ್ಬುಟಮಾಲ್ ಪಂಪನ್ನು ವಾರಕ್ಕೆ ಎರಡು ಸಲಕ್ಕಿಂತ ಜಾಸ್ತಿ ಹಾಕಬೇಕಾಯಿತಾ? ಓಡುವುದು, ಆಡುವುದು ಅಸ್ತಮಾದಿಂದ ಕಮ್ಮಿ ಆಗಿದೆಯಾ? ನಾಲ್ಕಕ್ಕೂ ಇಲ್ಲ ಅಂದರೆ ಹತೋಟಿಯಲ್ಲಿದೆ. ಒಂದೋ ಎರಡೋ ಹೌದು ಅಂದರೆ ಅರೆಬರೆ ಹತೋಟಿ. ಮೂರು ಅಥವಾ ನಾಲ್ಕು ಹೌದು ಬಂದರೆ ಹತೋಟಿ ತಪ್ಪಿದೆ. ಇದು ಆರು ವರ್ಷ ದಾಟಿದ ಮಕ್ಕಳಿಗೆ. ಐದು ವರ್ಷದೊಳಗಿನವರಿಗೆ ಹಗಲಿನ ಲಕ್ಷಣ ಮತ್ತು ಸಾಲ್ಬುಟಮಾಲ್ ಎರಡಕ್ಕೂ ಮಿತಿ ವಾರಕ್ಕೆ ಒಂದು ಸಲ ಮಾತ್ರ.

ಪುಟ್ಟನಿಗೆ ನಾಲ್ಕಕ್ಕೆ ನಾಲ್ಕೂ ಹೌದು. ವಾರಕ್ಕೆ ಎರಡು ರಾತ್ರಿ ಎದ್ದು ಕೂರುತ್ತಿದ್ದ, ನಾಲ್ಕು ದಿನ ಸಾಲ್ಬುಟಮಾಲ್ ಬೇಕಾಗುತ್ತಿತ್ತು, ಪಿಟಿ ಪೀರಿಯಡ್‌ನಲ್ಲಿ ಮರದ ಕೆಳಗೆ ಕೂರಿಸುತ್ತಿದ್ದರಂತೆ. ಡೋಸ್ ಏರಿಸಲು ಇಷ್ಟು ಸಾಕಲ್ವಾ ಅಂತ ನಿಮಗೂ ಅನ್ನಿಸಬಹುದು. ಅಮ್ಮನಿಗೂ ಹಾಗೇ ಅನ್ನಿಸಿತ್ತು.

ಚೀಟಿಯಲ್ಲಿ ಬರೆದ ಡೋಸ್ ಬೇರೆ, ಎದೆಗೆ ಇಳಿದ ಡೋಸ್ ಬೇರೆ

ನಾನು ಮೊದಲು ಕೇಳಿದ್ದು ಪಂಪನ್ನು. "ತಂದಿದೀರಾ?" ತಂದಿದ್ದರು. ಮೆಡಿಕಲ್ ಶಾಪಿನ ಬಿಲ್ಲೂ ಚೀಲದಲ್ಲೇ ಇತ್ತು, ಏಪ್ರಿಲ್ 2ರದ್ದು. ಆ ಡಬ್ಬಿಯಲ್ಲಿ 200 ಪಫ್. ಏಪ್ರಿಲ್ 2ರಿಂದ ಆಗಸ್ಟ್ 6ಕ್ಕೆ 126 ದಿನ, ದಿನಕ್ಕೆ ಎರಡರಂತೆ 252 ಪಫ್ ಆಗಬೇಕಿತ್ತು. ಅಂದರೆ ಆ ಡಬ್ಬಿ ಜುಲೈ ಮೊದಲ ಭಾಗದಲ್ಲೇ ಖಾಲಿಯಾಗಿ ಹೊಸದು ಬಂದಿರಬೇಕಿತ್ತು. ಪಂಪಿನ ಹಿಂದಿನ ಕೌಂಟರ್ ನೋಡಿದರೆ ಇನ್ನೂ 72 ಉಳಿದಿದೆ. ಖರ್ಚಾಗಿದ್ದು 128 ಮಾತ್ರ. ಸರಿಸುಮಾರು ಅರ್ಧ.

ಇಲ್ಲಿ ಯಾರನ್ನೂ ಬೈಯುವ ಕೆಲಸ ಇಲ್ಲ. ಬೈದರೆ ಮುಂದಿನ ಸಲ ನಿಜ ಹೇಳುವುದಿಲ್ಲ, ಅಷ್ಟೇ. ಕೇಳುವ ರೀತಿ ಬೇರೆ ಇದೆ: "ಎಲ್ಲರಿಗೂ ತಪ್ಪಿ ಹೋಗುತ್ತೆ, ನಿಮಗೆ ವಾರಕ್ಕೆ ಎಷ್ಟು ಸಲ ತಪ್ಪುತ್ತೆ?" ಆಗ ವಿಷಯ ಹೊರಗೆ ಬಂತು. ಅಮ್ಮ ಮೂಡಿಗೆರೆಯಲ್ಲಿ ಅಂಗಡಿ ಕೆಲಸಕ್ಕೆ ಹೋಗಿ ಕೊನೆ ಬಸ್ಸಿಗೆ ಬರುತ್ತಾರೆ, ಅಷ್ಟೊತ್ತಿಗೆ ಹುಡುಗ ಮಲಗಿರುತ್ತಾನೆ. ರಾತ್ರಿ ಪಂಪ್ ಅಜ್ಜಿಯ ಜವಾಬ್ದಾರಿ. ಅಜ್ಜಿ ಹೇಳಿದರು, "ಉಬ್ಬಸ ಇಲ್ಲದ ದಿನ ಸುಮ್ನೆ ಯಾಕೆ ಹಾಕೋದು ಅಂತ ಬಿಡ್ತೀನಪ್ಪಾ, ಸ್ಟೀರಾಯ್ಡ್ ಅಂತಾರೆ, ಅಭ್ಯಾಸ ಆಗ್ಬಿಟ್ರೆ?" ಅಜ್ಜಿಯ ಲೆಕ್ಕ ಅರ್ಥವಾಗುವಂಥದ್ದೇ. ಆದರೆ ಈ ಪಂಪ್ ಉಬ್ಬಸ ಬಂದಾಗ ಕೆಲಸ ಮಾಡುವುದಲ್ಲ. ಶ್ವಾಸನಾಳದ ಒಳಗೋಡೆಯ ಊತವನ್ನು ದಿನಾ ಸ್ವಲ್ಪ ಸ್ವಲ್ಪ ಇಳಿಸುತ್ತಾ, ಉಬ್ಬಸವೇ ಬರದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಬಿಟ್ಟು ಬಿಟ್ಟು ಹಾಕಿದರೆ ಊತ ಇಳಿಯುವಷ್ಟರಲ್ಲಿ ಮತ್ತೆ ಏರುತ್ತದೆ. ಅಭ್ಯಾಸ ಅಥವಾ ಚಟ ಅನ್ನುವುದು ಇದರಲ್ಲಿ ಇಲ್ಲ.

ಈಗ ಯೋಚನೆ ಮಾಡಿ. ನಾನು ಅವತ್ತೇ ಚೀಟಿಯಲ್ಲಿ 200ನ್ನು 400 ಮಾಡಿದ್ದರೆ, ಅರ್ಧ ತಪ್ಪುವ ಆ ಮನೆಯಲ್ಲಿ ಪುಟ್ಟನಿಗೆ ಸಿಗುತ್ತಿದ್ದುದು ದಿನಕ್ಕೆ 200. ಮೊದಲೇ ಸಿಗಬೇಕಿದ್ದಷ್ಟೇ! ಅದರಿಂದ ಅವನು ಚೇತರಿಸಿಕೊಂಡಿದ್ದರೆ, ಇವನಿಗೆ 400 ಬೇಕು ಅಂತ ನಾವೆಲ್ಲ ನಂಬಿಬಿಡುತ್ತಿದ್ದೆವು. ಮುಂದೊಂದು ದಿನ ಮನೆಯವರು ಶಿಸ್ತಾಗಿ ಹಾಕತೊಡಗಿದರೆ ಹುಡುಗನಿಗೆ ಬೇಡದ ಸ್ಟೀರಾಯ್ಡ್ ಹೋಗುತ್ತಿತ್ತು.

ಕೆಲವು ಪಂಪುಗಳಲ್ಲಿ ಕೌಂಟರ್ ಇರುವುದಿಲ್ಲ. ಆಗ ಡಬ್ಬಿಯ ಮೇಲೆ ಶುರು ಮಾಡಿದ ತಾರೀಕು ಬರೆದಿಡಿ, ಎಷ್ಟು ದಿನಕ್ಕೆ ಮುಗಿಯಬೇಕೋ ಆ ತಾರೀಕನ್ನೂ ಬರೆಯಿರಿ. ಅಲ್ಲಾಡಿಸಿ ನೋಡುವುದು, ನೀರಲ್ಲಿ ತೇಲಿಸಿ ನೋಡುವುದು ನಂಬುವಂಥದ್ದಲ್ಲ, ಔಷಧಿ ಮುಗಿದ ಮೇಲೂ ಗ್ಯಾಸ್ ಬುಸ್ ಅನ್ನುತ್ತದೆ.

ಆಮೇಲೆ, "ನನ್ನ ಎದುರಿಗೆ ಒಂದು ಸಲ ಹಾಕಿ ತೋರಿಸಿ" ಅಂದೆ. ಇದನ್ನು ನಾನು ಯಾವತ್ತೂ ಬಿಡುವುದಿಲ್ಲ, ಕಾಂಪೌಂಡರ್ ಬೆಂಚಿನ ಮೇಲೆ ಹತ್ತು ಜನ ಕಾಯುತ್ತಿದ್ದರೂ. ಪುಟ್ಟ ಸ್ಪೇಸರ್ ಬಾಯಿಗೆ ಇಟ್ಟ, ಅಜ್ಜಿ ಪಂಪ್ ಅಲ್ಲಾಡಿಸದೆ ಒತ್ತಿದರು. ಹುಡುಗ ತುಟಿ ಸಡಿಲ ಬಿಟ್ಟು ಮೂಗಿನಲ್ಲಿ ಉಸಿರಾಡಿದ. ಸ್ಪೇಸರಿನ ವಾಲ್ವ್ ಅಲ್ಲಾಡಲೇ ಇಲ್ಲ. ಔಷಧಿ ಸ್ಪೇಸರ್ ಒಳಗೇ ಕೂತಿತು. ಸ್ಪೇಸರನ್ನು ಪ್ರತಿ ವಾರ ತೊಳೆದು ಬಟ್ಟೆಯಿಂದ ಚೆನ್ನಾಗಿ ಉಜ್ಜಿ ಒರೆಸುತ್ತಿದ್ದರು, ಅದು ಇನ್ನೊಂದು ತಪ್ಪು. ಪ್ಲಾಸ್ಟಿಕ್ ಉಜ್ಜಿದರೆ ಅದರಲ್ಲಿ ಸ್ಥಿರ ವಿದ್ಯುತ್ ತುಂಬಿಕೊಂಡು ಔಷಧಿಯ ಕಣಗಳನ್ನು ಗೋಡೆಗೆ ಅಂಟಿಸಿಕೊಳ್ಳುತ್ತದೆ.

ಸರಿಯಾದ ರೀತಿ ಹೀಗೆ. ಪಂಪ್ ಚೆನ್ನಾಗಿ ಅಲ್ಲಾಡಿಸಿ, ಸ್ಪೇಸರಿಗೆ ಸಿಕ್ಕಿಸಿ. ಮಗು ನೆಟ್ಟಗೆ ಕೂತು ಬಾಯಿಪಟ್ಟಿಯನ್ನು ಹಲ್ಲಿನ ನಡುವೆ ಇಟ್ಟು ತುಟಿ ಬಿಗಿಯಬೇಕು. ಒಂದೇ ಒಂದು ಪಫ್ ಒತ್ತಿ. ಬಾಯಿಂದಲೇ ನಿಧಾನವಾಗಿ ಐದಾರು ಸಲ ಉಸಿರು ಎಳೆದು ಬಿಡಬೇಕು, ಪ್ರತಿ ಸಲ ವಾಲ್ವ್ ಟಕ್ ಅನ್ನಬೇಕು. ಎರಡನೇ ಪಫ್ ಇದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ, ಮತ್ತೆ ಇದೇ ಕ್ರಮ. ಎರಡು ಪಫ್ ಒಟ್ಟಿಗೆ ಒತ್ತಿ ಎಳೆಯುವುದು ಬೇಡ, ಕಣಗಳು ಒಂದಕ್ಕೊಂದು ಅಂಟಿ ಒಳಗೆ ಹೋಗುವುದು ಕಮ್ಮಿಯಾಗುತ್ತದೆ. ಕೊನೆಗೆ ಬಾಯಿ ಮುಕ್ಕಳಿಸಿ ಉಗುಳಬೇಕು. ಹಲ್ಲುಜ್ಜುವ ಮೊದಲು ಪಂಪ್ ಹಾಕುವ ಅಭ್ಯಾಸ ಮಾಡಿಸಿದರೆ ಮುಕ್ಕಳಿಸುವುದನ್ನು ಬೇರೆ ನೆನಪಿಡಬೇಕಾಗಿಲ್ಲ. ಸ್ಪೇಸರನ್ನು ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಅದ್ದಿ, ಒರೆಸದೆ ಹಾಗೇ ಗಾಳಿಗೆ ಒಣಗಲು ಬಿಡಿ. ನಮ್ಮ ಮಳೆಗಾಲದಲ್ಲಿ ಒಣಗಲು ಒಂದು ದಿನ ಹಿಡಿಯುತ್ತೆ, ಹಾಗಂತ ಒಲೆ ಮೇಲಿನ ಅಟ್ಟಕ್ಕೆ ಏರಿಸಬೇಡಿ. ಬೆಳಗಿನ ಡೋಸ್ ಆದ ತಕ್ಷಣ ತೊಳೆದರೆ ರಾತ್ರಿಗೆ ಸಿಗುತ್ತದೆ.

ಒಲೆ ಅಂದಾಗ ನೆನಪಾಯಿತು. ಆ ಮನೆಯಲ್ಲಿ ಬಚ್ಚಲ ಒಲೆ ಜೂನ್‌ನಿಂದ ಹಗಲೂ ರಾತ್ರಿ ಉರಿಯುತ್ತಿತ್ತು, ಹಸಿ ಸೌದೆ, ಮೇಲೆ ಬಟ್ಟೆ ಒಣಗಲು ಹಾಕಿರುತ್ತಿದ್ದರು. ಪುಟ್ಟ ಮಲಗುವ ಕೋಣೆ ಅದರ ಪಕ್ಕದ್ದೇ. ಗೋಡೆಯಲ್ಲಿ ಬೂಸ್ಟು. ಮಲೆನಾಡಿನಲ್ಲಿ ಒಲೆ ಹಚ್ಚಬೇಡಿ ಅನ್ನುವಂತಿಲ್ಲ, ನಾನು ಹಾಗೆ ಹೇಳುವುದೂ ಇಲ್ಲ. ಹುಡುಗನ ಹಾಸಿಗೆಯನ್ನು ಮನೆಯ ಆಚೆ ಬದಿಯ ಕೋಣೆಗೆ ಸಾಗಿಸಿ, ಹೊಗೆಯಲ್ಲಿ ಒಣಗಿದ ಕಂಬಳಿಯನ್ನು ಅವನಿಗೆ ಹೊದಿಸಬೇಡಿ ಅಂದೆ. ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಿದ್ದರೆ ಅದು ಮೊದಲು ಹೊರಗೆ ಹೋಗಬೇಕು. ಹೊಗೆ ಇರುವ ಕಡೆ ಸ್ಟೀರಾಯ್ಡ್ ಪಂಪೇ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಇನ್ನು ಮೂಗು. ಬೆಳಿಗ್ಗೆ ಎದ್ದ ಕೂಡಲೇ ಸೀನು, ಮೂಗು ಕಟ್ಟುವುದು, ಮೂಗು ಉಜ್ಜುವುದು ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ ಕೊಟ್ಟರೆ, ಚರ್ಮಕ್ಕೆ ಸ್ಟೀರಾಯ್ಡ್ ಮುಲಾಮು ಹಚ್ಚುತ್ತಿದ್ದರೆ, ಅದನ್ನೂ ಡಾಕ್ಟರಿಗೆ ಹೇಳಿ. ಒಟ್ಟು ಸ್ಟೀರಾಯ್ಡ್ ಲೆಕ್ಕದಲ್ಲಿ ಅವೂ ಸೇರುತ್ತವೆ.

ಕೊನೆಯದಾಗಿ, ಇದು ಅಸ್ತಮಾ ಹೌದೇ ಅನ್ನುವ ಪ್ರಶ್ನೆ. ಸದಾ ಕಫದ ಹಸಿ ಕೆಮ್ಮು, ತೂಕ ಏರದಿರುವುದು, ಬಿಡದ ಜ್ವರ, ಒಂದು ದಿನ ಕಡಲೆಬೀಜ ತಿನ್ನುವಾಗ ಉಸಿರುಕಟ್ಟಿ ಅವತ್ತಿನಿಂದ ಶುರುವಾದ ಸುಯ್ ಸುಯ್, ಇವೆಲ್ಲ ಬೇರೆ ಕಾಯಿಲೆಯ ಸುಳಿವು. ಅಂಥ ಮಗುವಿಗೆ ಡೋಸ್ ಏರಿಸುವುದು ಕಾಲ ಹರಣ. ಪುಟ್ಟನಿಗೆ ಊದುವ ಪರೀಕ್ಷೆ ಮಾಡಿಸಿದೆವು, ಸಾಲ್ಬುಟಮಾಲ್ ಕೊಟ್ಟ ಮೇಲೆ ಊದುವ ಶಕ್ತಿ ಚೆನ್ನಾಗಿ ಏರಿತು. ಅಸ್ತಮಾವೇ.

ಅವತ್ತು ನಾನು ಡೋಸ್ ಮುಟ್ಟಲಿಲ್ಲ. ಅಮ್ಮನ ಮುಖದಲ್ಲಿ ಸ್ವಲ್ಪ ಬೇಸರ ಕಾಣಿಸಿತು, ಇಷ್ಟು ದೂರ ಬಂದಿದ್ದು ಇದಕ್ಕಾ ಅನ್ನುವ ಹಾಗೆ. ರಾತ್ರಿ ಪಂಪನ್ನು ಊಟಕ್ಕೆ ಮೊದಲು ಏಳು ಗಂಟೆಗೆ ಮಾಡಿಸಿದೆ, ಕ್ಯಾಲೆಂಡರಿನಲ್ಲಿ ಪುಟ್ಟನೇ ಗೀಟು ಹಾಕಬೇಕು, ಸಾಲ್ಬುಟಮಾಲ್ ಹಾಕಿದ ದಿನ ಅದೇ ಕ್ಯಾಲೆಂಡರಿನಲ್ಲಿ ಒಂದು ಚುಕ್ಕಿ. ಐದು ವಾರ ಬಿಟ್ಟು ಬನ್ನಿ ಅಂದೆ. ಇಷ್ಟು ಕಾಯಲು ಆಗದ ಮಕ್ಕಳೂ ಇದ್ದಾರೆ. ಇತ್ತೀಚೆಗೆ ಆಸ್ಪತ್ರೆಗೆ ಸೇರಿದ್ದರೆ, ಸ್ಟೀರಾಯ್ಡ್ ಮಾತ್ರೆಯ ಕೋರ್ಸ್ ಬೇಕಾಗಿದ್ದರೆ, ಡಾಕ್ಟರು ಇವೆಲ್ಲ ಸರಿ ಮಾಡುತ್ತಲೇ ಅವತ್ತೇ ಡೋಸನ್ನೂ ಏರಿಸಬಹುದು.

ಏರಿಸಿದ ದಿನ

ಸೆಪ್ಟೆಂಬರ್ 10ಕ್ಕೆ ಮತ್ತೆ ಬಂದರು. 35 ದಿನಕ್ಕೆ 70 ಪಫ್ ಆಗಬೇಕು. ಕೌಂಟರ್ 72ರಿಂದ 4ಕ್ಕೆ ಇಳಿದಿತ್ತು, ಅಂದರೆ 68. ಎರಡೇ ತಪ್ಪಿದ್ದು, ಅದೂ ಗೌರಿ ಹಬ್ಬಕ್ಕೆ ಊರಿಗೆ ಹೋದಾಗ. ಹಾಕುವ ರೀತಿಯೂ ಸರಿಯಾಗಿತ್ತು, ವಾಲ್ವ್ ಸದ್ದು ಮಾಡುವುದೇ ಅವನಿಗೆ ಆಟ. ಲಕ್ಷಣಗಳೂ ಇಳಿದಿದ್ದವು, ಆದರೆ ಸಾಕಷ್ಟಲ್ಲ. ನಾಲ್ಕು ವಾರದಲ್ಲಿ ಎರಡು ರಾತ್ರಿ ಎಚ್ಚರ, ವಾರಕ್ಕೆ ಮೂರು ದಿನ ಹಗಲು ಕೆಮ್ಮು, ಮೂರು ದಿನ ಸಾಲ್ಬುಟಮಾಲ್. ಓಟ ಮಾತ್ರ ಸರಿಹೋಗಿತ್ತು. ನಾಲ್ಕರಲ್ಲಿ ಮೂರು ಇನ್ನೂ ಹೌದು. ಈಗ ಡೋಸ್ ಏರಿಸುವುದಕ್ಕೆ ಕಾರಣ ಸಿಕ್ಕಿತು.

ಎಂಟು ವರ್ಷದ ಮಗುವಿಗೆ ಈ ಹಂತದಲ್ಲಿ ಎರಡು ಮುಖ್ಯ ದಾರಿ. ಒಂದು, ಸ್ಟೀರಾಯ್ಡನ್ನೇ ಕಡಿಮೆ ಡೋಸಿನಿಂದ ಮಧ್ಯಮ ಡೋಸಿಗೆ ಏರಿಸುವುದು. ಇನ್ನೊಂದು, ಸ್ಟೀರಾಯ್ಡ್ ಅಷ್ಟೇ ಇಟ್ಟು ಶ್ವಾಸನಾಳ ಹಿಗ್ಗಿಸುವ ಉದ್ದ ಕಾಲದ ಔಷಧಿ, ಅಂದರೆ ಫಾರ್ಮೊಟೆರಾಲ್ ಅಥವಾ ಸಾಲ್ಮೆಟೆರಾಲ್, ಅದೇ ಪಂಪಿನಲ್ಲಿ ಸೇರಿಸಿ ಕೊಡುವುದು. ಫಾರ್ಮೊಟೆರಾಲ್ ಇರುವ ಒಂದೇ ಪಂಪನ್ನು ದಿನಕ್ಕೂ, ಕಷ್ಟ ಆದಾಗಲೂ ಬಳಸುವ ಕ್ರಮವೂ ಇದೆ. 2010ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನದಲ್ಲಿ 6ರಿಂದ 17 ವರ್ಷದ 182 ಮಕ್ಕಳಿಗೆ ಸ್ಟೀರಾಯ್ಡ್ ಏರಿಸುವುದು, ಸಾಲ್ಮೆಟೆರಾಲ್ ಸೇರಿಸುವುದು, ಮಾಂಟೆಲುಕಾಸ್ಟ್ ಮಾತ್ರೆ ಸೇರಿಸುವುದು, ಈ ಮೂರನ್ನೂ ತಲಾ 16 ವಾರ ಒಂದಾದ ಮೇಲೊಂದು ಕೊಟ್ಟು ನೋಡಿದರು. ಹೆಚ್ಚು ಮಕ್ಕಳು ಚೆನ್ನಾಗಿ ಸ್ಪಂದಿಸಿದ್ದು ಸಾಲ್ಮೆಟೆರಾಲ್‌ಗೆ. ಆದರೆ ಸ್ಟೀರಾಯ್ಡ್ ಏರಿಸಿದಾಗಲೇ ಚೆನ್ನಾದ ಮಕ್ಕಳೂ ಇದ್ದರು. ಯಾವ ಮಗುವಿಗೆ ಯಾವುದು ಅಂತ ಮೊದಲೇ ಹೇಳಲು ಆಗುವುದಿಲ್ಲ, ಕೊಟ್ಟು ನೋಡಬೇಕು. ಹಾಗಾಗಿ ನಿಮ್ಮ ಡಾಕ್ಟರು ಎರಡನೇ ದಾರಿ ಹಿಡಿದರೆ ಅದು ತಪ್ಪಲ್ಲ. ಮಾಂಟೆಲುಕಾಸ್ಟ್ ಮಾತ್ರ ನಾನು ಮೊದಲು ಮುಟ್ಟುವುದಿಲ್ಲ. ಕೆಲವು ಮಕ್ಕಳಲ್ಲಿ ಕೆಟ್ಟ ಕನಸು, ಸಿಡುಕು, ಖಿನ್ನತೆ ತರುತ್ತದೆ ಅಂತ 2020ರಲ್ಲಿ ಅಮೆರಿಕದ ಔಷಧ ಇಲಾಖೆ ಅದಕ್ಕೆ ತನ್ನ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ.

ಪುಟ್ಟನಿಗೆ ನಾನು ಸ್ಟೀರಾಯ್ಡ್ ಏರಿಸುವ ದಾರಿ ಹಿಡಿದೆ. ಮನೆಯವರು ಒಂದು ಪಂಪನ್ನು ಈಗಷ್ಟೇ ಸರಿಯಾಗಿ ಕಲಿತಿದ್ದರು, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಬ್ಯುಡೆಸೊನೈಡ್ ದಿನಕ್ಕೆ 200ರಿಂದ 400. 6ರಿಂದ 11 ವರ್ಷದವರಿಗೆ 200 ದಾಟಿ 400ರವರೆಗೆ ಮಧ್ಯಮ ಡೋಸ್, 400 ದಾಟಿದರೆ ಹೆಚ್ಚಿನ ಡೋಸ್.

ಇದನ್ನು ಎರಡು ರೀತಿ ಮಾಡಬಹುದು. ಹಳೇ 100ರ ಪಂಪಿನಲ್ಲೇ ಎರಡೆರಡು ಪಫ್, ಇಲ್ಲವೇ 200ರ ಪಂಪ್ ತಂದು ಒಂದೊಂದೇ ಪಫ್. ಮೊದಲನೆಯದರಲ್ಲಿ ಡಬ್ಬಿ 50 ದಿನಕ್ಕೇ ಖಾಲಿ, ಕೆಲಸವೂ ದುಪ್ಪಟ್ಟು. ಹಳೇ ಡಬ್ಬಿ ಹೇಗೂ ಮುಗಿದಿತ್ತು, 200ರದ್ದೇ ಬರೆದೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಅಜ್ಜಿಗೆ ಬದಲಾವಣೆಯೇ ಇಲ್ಲ, ಪಂಪ್ ಮಾತ್ರ ಹೊಸದು.

ಇಲ್ಲಿ ಆಗುವ ಎಡವಟ್ಟು ಒಂದಿದೆ. 200ರ ಪಂಪ್ ತಂದು, ಹಳೇ ಚೀಟಿ ನೋಡಿಕೊಂಡು "ಡೋಸ್ ಡಬಲ್ ಅಂದಿದ್ರಲ್ಲ" ಅಂತ ಅದರಲ್ಲೂ ಎರಡೆರಡು ಪಫ್ ಹಾಕಿಬಿಡುತ್ತಾರೆ. ದಿನಕ್ಕೆ 800 ಆಯಿತು! ಹಾಗಾಗಿ ಚೀಟಿಯಲ್ಲಿ ಪಂಪಿನ ಶಕ್ತಿ, ಒಂದು ಹೊತ್ತಿಗೆ ಎಷ್ಟು ಪಫ್, ದಿನದ ಒಟ್ಟು ಎಷ್ಟು ಅಂತ ಮೂರನ್ನೂ ಬರೆಸಿಕೊಳ್ಳಿ. ಹಳೇ ಪಂಪ್ ಮನೆಯಲ್ಲಿ ಉಳಿಯಬಾರದು. ಬಣ್ಣ ನೋಡಿ ಹಾಕಬೇಡಿ, ಹೆಸರು ಓದಿ ಹಾಕಿ. ಬೇರೆ ಔಷಧಿಯ ಸಂಖ್ಯೆಯನ್ನು ಇದರ ಜೊತೆ ಹೋಲಿಸಲೂ ಬೇಡಿ. ಫ್ಲುಟಿಕಾಸೋನ್ ಪ್ರೊಪಿಯೊನೇಟ್ ಸುಮಾರು ಅರ್ಧ ಸಂಖ್ಯೆಯಲ್ಲೇ ಅಷ್ಟು ಕೆಲಸ ಮಾಡುತ್ತದೆ, ಅದರಲ್ಲಿ ದಿನಕ್ಕೆ 200 ದಾಟಿದರೆ ಈ ವಯಸ್ಸಿಗೆ ಹೆಚ್ಚಿನ ಡೋಸ್. ಮೆಡಿಕಲ್ ಶಾಪಿನಲ್ಲಿ "ಅದೇ ಪವರ್ ಬೇರೆ ಕಂಪನಿ" ಅಂತ ಕೊಟ್ಟರೆ ಔಷಧಿಯ ಹೆಸರು ಬದಲಾಗಿದೆಯೇ ನೋಡಿಕೊಳ್ಳಿ.

ಅಮ್ಮ ಕೇಳಿದರು, "ಎತ್ತರ ಕಮ್ಮಿ ಆಗುತ್ತಂತಲ್ಲ ಡಾಕ್ಟ್ರೇ?" ಕೇಳಬೇಕಾದ ಪ್ರಶ್ನೆ. ಸುಳ್ಳು ಸಮಾಧಾನ ಹೇಳುವುದಿಲ್ಲ. ಇದೇ ಬ್ಯುಡೆಸೊನೈಡನ್ನು, ಇದೇ ದಿನಕ್ಕೆ 400ರ ಡೋಸಿನಲ್ಲಿ, ನಾಲ್ಕರಿಂದ ಆರು ವರ್ಷ ತೆಗೆದುಕೊಂಡ ಮಕ್ಕಳು ದೊಡ್ಡವರಾದ ಮೇಲೆ ಸರಾಸರಿ 1.2 ಸೆಂಟಿಮೀಟರ್ ಗಿಡ್ಡ ಇದ್ದರು ಅಂತ 2012ರಲ್ಲಿ ಪ್ರಕಟವಾಗಿದೆ. ಒಂದು ಬೆರಳಗಲಕ್ಕಿಂತ ಕಮ್ಮಿ. ಅದರ ಎದುರಿಗೆ ರಾತ್ರಿ ಎದ್ದು ಕೂರುವುದು, ಆಸ್ಪತ್ರೆಗೆ ಓಡುವುದು, ಆಗಾಗ ಬಾಯಿಂದ ಕೊಡುವ ಸ್ಟೀರಾಯ್ಡ್ ಇಡಿ. ಹತೋಟಿ ತಪ್ಪಿದ ಅಸ್ತಮಾ ತಾನೇ ಬೆಳವಣಿಗೆಯನ್ನು ಎಳೆಯುತ್ತದೆ. ಆದರೂ ಈ ಕಾರಣಕ್ಕೇ ಎತ್ತರ ಬರೆದಿಡುತ್ತೇನೆ, ಬೇಕಾದಷ್ಟು ದಿನಕ್ಕಿಂತ ಒಂದು ದಿನ ಜಾಸ್ತಿ ಈ ಡೋಸ್ ಇಡುವುದಿಲ್ಲ. ಬಾಯಲ್ಲಿ ಬಿಳಿ ಪೊರೆ, ಧ್ವನಿ ಗೊಗ್ಗರಾಗುವುದು ಆಗಬಹುದು. ಸ್ಪೇಸರ್ ಮತ್ತು ಬಾಯಿ ಮುಕ್ಕಳಿಸುವುದರಿಂದ ಅದು ಬಹಳ ಕಮ್ಮಿಯಾಗುತ್ತದೆ.

ಕಾಯುವ ದಿನಗಳು

ಏರಿಸಿದ ಐದನೇ ದಿನಕ್ಕೆ ಫೋನು. "ಏನೂ ವ್ಯತ್ಯಾಸ ಇಲ್ಲ." ಇರುವುದಿಲ್ಲ. ಒಂದೆರಡು ವಾರದಲ್ಲಿ ಸ್ವಲ್ಪ ಗೊತ್ತಾಗತೊಡಗುತ್ತದೆ, ಪೂರ್ತಿ ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಅಷ್ಟರಲ್ಲಿ ಇನ್ನೊಂದು ಔಷಧಿ ಸೇರಿಸಿದರೆ ಯಾವುದು ಕೆಲಸ ಮಾಡಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ನೆಗಡಿ ಬಂದಾಗ ಮನೆಯಲ್ಲೇ ಈ ಪಂಪನ್ನು ನಾಲ್ಕೈದು ಪಟ್ಟು ಹಾಕುವವರೂ ಇದ್ದಾರೆ. ದೊಡ್ಡವರಿಗೆ ಯಾರೋ ಹೇಳಿದ್ದನ್ನು ಮಕ್ಕಳಿಗೂ ಅನ್ವಯಿಸುತ್ತಾರೆ. 2018ರಲ್ಲಿ 5ರಿಂದ 11 ವರ್ಷದ 254 ಮಕ್ಕಳ ಅಧ್ಯಯನವೊಂದು ಬಂತು. ಲಕ್ಷಣ ಹೆಚ್ಚಿದ ಕೂಡಲೇ ಏಳು ದಿನ ಐದು ಪಟ್ಟು ಸ್ಟೀರಾಯ್ಡ್ ಕೊಟ್ಟರೂ ಜೋರು ದಾಳಿಗಳು ಕಮ್ಮಿಯಾಗಲಿಲ್ಲ. ಹಾಗಾಗಿ ನಾವು ಮಾತಾಡುತ್ತಿರುವ ಏರಿಕೆ ತಿಂಗಳುಗಟ್ಟಲೆ ಹಿಡಿದು ನೋಡುವ ಏರಿಕೆ, ಇವತ್ತಿನ ಉಬ್ಬಸಕ್ಕೆ ಮದ್ದಲ್ಲ.

ಇವತ್ತಿನ ಉಬ್ಬಸಕ್ಕೆ ಸಾಲ್ಬುಟಮಾಲ್. ಪಕ್ಕೆ ಎಳೆಯುತ್ತಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲು ಆಗದಿದ್ದರೆ, ತುಟಿ ನೀಲಿ ಬಂದರೆ, ಮಗು ಮಂಕಾದರೆ, ಸ್ಪೇಸರಿನಲ್ಲಿ ಒಂದೊಂದಾಗಿ ನಾಲ್ಕರಿಂದ ಆರು ಪಫ್ ಸಾಲ್ಬುಟಮಾಲ್ ಕೊಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ 20 ನಿಮಿಷಕ್ಕೊಮ್ಮೆ ಕೊಡುತ್ತಾ ಬನ್ನಿ. ಮೂಡಿಗೆರೆ ಆಚೆಯ ಹಳ್ಳಿಗಳವರಿಗೆ ನಾನು ಇದನ್ನು ಚೀಟಿಯ ಹಿಂದೆ ದಪ್ಪಕ್ಷರದಲ್ಲಿ ಬರೆದು ಕೊಡುತ್ತೇನೆ, ಮಳೆಯಲ್ಲಿ ಗಾಡಿ ಸಿಗುವುದೇ ಕಷ್ಟ, ಫೋನಿಗೆ ಸಿಗ್ನಲ್ ಇರುವುದಿಲ್ಲ.

ಅಕ್ಟೋಬರ್ 8ಕ್ಕೆ ಪುಟ್ಟನ ಅಮ್ಮ ಕ್ಯಾಲೆಂಡರಿನ ಫೋಟೋ ಕಳಿಸಿದರು. ನಾಲ್ಕು ವಾರದಲ್ಲಿ ರಾತ್ರಿ ಎದ್ದಿದ್ದು ಒಂದು ಸಲ, ಸಾಲ್ಬುಟಮಾಲ್ ಚುಕ್ಕಿ ವಾರಕ್ಕೆ ಒಂದು. ನವೆಂಬರ್ 12ಕ್ಕೆ, ಏರಿಸಿದ ಒಂಬತ್ತನೇ ವಾರ, ನಾಲ್ಕು ಪ್ರಶ್ನೆಗೂ ಇಲ್ಲ. ಅಮ್ಮ ಖುಷಿ, ಅಜ್ಜಿ ಖುಷಿ. ನನಗೆ ಮಾತ್ರ ಒಂದು ಅನುಮಾನ ಉಳಿಯಿತು. ಅಷ್ಟರಲ್ಲಿ ಮಳೆ ನಿಂತಿತ್ತು, ಬಚ್ಚಲ ಒಲೆ ದಿನಕ್ಕೆ ಒಂದು ಹೊತ್ತಿಗೆ ಇಳಿದಿತ್ತು, ಗೋಡೆ ಒಣಗಿತ್ತು, ಶಾಲೆಯಲ್ಲಿ ನೆಗಡಿಯ ಅಲೆ ಮುಗಿದಿತ್ತು. ಡೋಸ್ ಗುಣ ಮಾಡಿತೋ, ಕಾಲ ಗುಣ ಮಾಡಿತೋ? ಇದು ನಮ್ಮ ಜಿಲ್ಲೆಯಲ್ಲಿ ಸೆಪ್ಟೆಂಬರ್‌ನಲ್ಲಿ ಏರಿಸಿದ ಪ್ರತಿ ಮಗುವಿನ ವಿಷಯದಲ್ಲೂ ಬರುವ ಪ್ರಶ್ನೆ. ಉತ್ತರ ಇಳಿಸಿ ನೋಡಿದಾಗಲೇ ಸಿಗುವುದು.

ಗುಣ ಕಾಣದಿದ್ದರೆ

ಮೂರು ತಿಂಗಳು ಸರಿಯಾಗಿ ಹಾಕಿದರೂ ನಾಲ್ಕು ಪ್ರಶ್ನೆಯ ಉತ್ತರ ಬದಲಾಗಲಿಲ್ಲ ಅನ್ನಿ. ಆಗ ಜನ, ಕೆಲವೊಮ್ಮೆ ಡಾಕ್ಟರುಗಳೂ, ಮಾಡುವ ತಪ್ಪು ಇನ್ನೂ ಏರಿಸುವುದು. ಈ ಔಷಧಿಯ ಗುಣವೇನೆಂದರೆ, ಬಹುಪಾಲು ಲಾಭ ಕಡಿಮೆ ಡೋಸಿನಲ್ಲೇ ಸಿಕ್ಕಿಬಿಡುತ್ತದೆ. ಆಮೇಲೆ ಡೋಸ್ ದುಪ್ಪಟ್ಟಾದರೂ ಲಾಭ ದುಪ್ಪಟ್ಟಾಗುವುದಿಲ್ಲ, ಅಡ್ಡಪರಿಣಾಮ ಮಾತ್ರ ಏರುತ್ತಾ ಹೋಗುತ್ತದೆ. ಹಾಗಾಗಿ ಹಳೇ ಡೋಸಿಗೆ ವಾಪಸ್ ಬಂದು, ಫಾರ್ಮೊಟೆರಾಲ್ ಸೇರಿಸುವ ಇನ್ನೊಂದು ದಾರಿ ನೋಡಬೇಕು. ಅದರಲ್ಲೂ ಆಗದಿದ್ದರೆ ಮಕ್ಕಳ ಶ್ವಾಸಕೋಶ ತಜ್ಞರ ಹತ್ತಿರ ಹೋಗುವ ಸಮಯ.

ಹೆಚ್ಚಿನ ಡೋಸನ್ನು ತಿಂಗಳುಗಟ್ಟಲೆ ಹಾಕಿದ ಮಕ್ಕಳಲ್ಲಿ ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಕುಗ್ಗಬಹುದು. ಅಂಥ ಮಗು ಜ್ವರ ಬಂದಾಗ ವಿಪರೀತ ಸುಸ್ತು, ವಾಂತಿ, ಮಂಪರು, ರಕ್ತದಲ್ಲಿ ಸಕ್ಕರೆ ಇಳಿಯುವುದು ಹೀಗೆ ಕೆಡುತ್ತದೆ, ನೋಡಿದವರಿಗೆ ಹೊಟ್ಟೆ ಕೆಟ್ಟಿದೆ ಅನ್ನಿಸುತ್ತದೆ. ಆಸ್ಪತ್ರೆಯಲ್ಲಿ "ಇವನು ಹೆಚ್ಚಿನ ಡೋಸ್ ಸ್ಟೀರಾಯ್ಡ್ ಪಂಪಿನಲ್ಲಿದ್ದಾನೆ" ಅಂತ ಮೊದಲ ಮಾತಾಗಿ ಹೇಳಿ. ಹೆದರಿ ಪಂಪನ್ನು ಒಮ್ಮೆಲೇ ನಿಲ್ಲಿಸುವುದೂ ಅಷ್ಟೇ ಅಪಾಯ.

ಐದು ವರ್ಷದೊಳಗಿನ ಮಕ್ಕಳ ಲೆಕ್ಕ ಸ್ವಲ್ಪ ಬೇರೆ. ಅವರಿಗೆ ಕಡಿಮೆ ಡೋಸನ್ನು ಒಮ್ಮೆ ದುಪ್ಪಟ್ಟು ಮಾಡಿ, ಎರಡು ಮೂರು ತಿಂಗಳು ನೋಡಿ, ಆಗದಿದ್ದರೆ ತಜ್ಞರಿಗೆ ಕಳಿಸುವುದು ಕ್ರಮ. ಪುಟ್ಟ ಮಕ್ಕಳಿಗೆ ಸ್ಪೇಸರಿನ ಜೊತೆ ಮಾಸ್ಕ್ ಬೇಕು, ಅದು ಮುಖಕ್ಕೆ ಅಂಟಿ ಕೂರಬೇಕು. ಮಗು ಅಳುತ್ತಿರುವಾಗ ಹಾಕಿದರೆ ಔಷಧಿ ಎದೆಗೆ ಹೆಚ್ಚು ಇಳಿಯುವುದಿಲ್ಲ.

ಇಳಿಸುವುದು

ಹತೋಟಿ ಬಂದು ಮೂರು ತಿಂಗಳು ನಿಂತರೆ ಇಳಿಸುವ ಮಾತು. ಪುಟ್ಟನಿಗೆ ನವೆಂಬರ್ 12ರಿಂದ ಮೂರು ತಿಂಗಳು ಅಂದರೆ ಫೆಬ್ರವರಿ ಮಧ್ಯ. ಕಾಲವೂ ಒಳ್ಳೆಯದು, ಕಾಫಿ ಕೊಯ್ಲು ಹೆಚ್ಚುಕಮ್ಮಿ ಮುಗಿದಿರುತ್ತದೆ, ಚಳಿ ಇಳಿದಿರುತ್ತದೆ, ಮಳೆ ದೂರ. ಮೇ ಕೊನೆಯಲ್ಲೋ ಜೂನ್‌ನಲ್ಲೋ, ಶಾಲೆ ಶುರುವಾಗುವ ಹೊತ್ತಿಗೆ ನಾನು ಯಾರಿಗೂ ಇಳಿಸುವುದಿಲ್ಲ. ನೆಗಡಿ ಇರುವಾಗ, ದೂರ ಪ್ರಯಾಣದ ಮೊದಲು ಕೂಡ ಇಳಿಸುವುದಿಲ್ಲ. ಒಂದು ಸಲಕ್ಕೆ ಕಾಲು ಭಾಗದಿಂದ ಅರ್ಧದವರೆಗೆ ಇಳಿಸಬಹುದು. ಅವನಿಗೆ 400ರಿಂದ ಮತ್ತೆ 200ಕ್ಕೆ ಇಳಿಸಿದೆ, 100ರ ಪಂಪ್, ಬೆಳಿಗ್ಗೆ ಒಂದು, ರಾತ್ರಿ ಒಂದು. ಎತ್ತರ 123.5 ಸೆಂಟಿಮೀಟರ್, ಆರು ತಿಂಗಳಿಗೆ ಎರಡೂವರೆ ಏರಿದ್ದ, ಸರಿಯಾಗೇ ಇತ್ತು. 200ರ ಪಂಪನ್ನು ಅಮ್ಮನೇ ನನ್ನ ಮೇಜಿನ ಮೇಲಿಟ್ಟು ಹೋದರು.

ಮಾರ್ಚ್‌ನಲ್ಲಿ ಹೂಮಳೆ ಬಂದು ಹೋಯಿತು, ಕ್ಯಾಲೆಂಡರಿನಲ್ಲಿ ತಿಂಗಳಿಗೆ ಒಂದೋ ಎರಡೋ ಚುಕ್ಕಿ. ಮೇ ಕೊನೆಯ ವಾರ ಪಂಪ್, ಸ್ಪೇಸರ್, ಬಿಲ್ಲು ಮೂರನ್ನೂ ಹಿಡಿದುಕೊಂಡು ಬನ್ನಿ ಅಂದಿದ್ದೇನೆ. ಬಂದ ಕೂಡಲೇ ಮೊದಲು ಕೌಂಟರ್ ನೋಡುತ್ತೇನೆ ಅಂತ ಅಜ್ಜಿಗೆ ಈಗ ಗೊತ್ತು.